ಫೋಟೋದಲ್ಲಿರುವ ಲೆಕ್ಕ, ಅದರೊಳಗಿನ ಒಂದು ಅಂಕೆ: ಟಿ-ಪರೀಕ್ಷೆಯನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡುವುದು

(ಉಪನ್ಯಾಸದ ಬರಹ ರೂಪ)

ಸಂಖ್ಯಾಶಾಸ್ತ್ರದ ಲೆಕ್ಕಗಳು ಈಗ ಹೆಚ್ಚಾಗಿ ಫೋಟೋ ರೂಪದಲ್ಲೇ ಕೈಗೆ ಬರುತ್ತವೆ. ಪುಸ್ತಕದ ಪುಟಕ್ಕೆ ಫೋನು ಹಿಡಿದು ಒಬ್ಬರು ಕ್ಲಿಕ್ಕಿಸುತ್ತಾರೆ, ಇನ್ನೊಬ್ಬರು ಅದನ್ನು ನೋಡಿಕೊಂಡು ಬಿಡಿಸುತ್ತಾರೆ. ಪುಟ ಸ್ವಲ್ಪ ಓರೆಯಾಗಿರುತ್ತದೆ, ಒಂದು ಮೂಲೆಯಲ್ಲಿ ಬೆರಳಿನ ನೆರಳು ಬಿದ್ದಿರುತ್ತದೆ, ಮಡಿಕೆಯ ಹತ್ತಿರ ಅಕ್ಷರ ಬಾಗಿರುತ್ತದೆ. ಬಿಡಿಸುವವರ ಗಮನವೆಲ್ಲ ಸೂತ್ರದ ಮೇಲೆ. ಸಂಖ್ಯೆಗಳನ್ನು ಬರೆದುಕೊಳ್ಳುವುದು ಗುಮಾಸ್ತಿಕೆಯ ಕೆಲಸ, ನಿಜವಾದ ಪರೀಕ್ಷೆ ಆಮೇಲೆ ಶುರು ಎಂಬ ಭಾವನೆ. ಈ ಭಾವನೆ ಎಷ್ಟು ದುಬಾರಿ ಎಂಬುದನ್ನು ಒಂದೇ ಒಂದು ಲೆಕ್ಕ ತೆಗೆದುಕೊಂಡು ತೋರಿಸಬೇಕೆಂದಿದ್ದೇನೆ. ಆಮೇಲೆ, ಬಂದ ಉತ್ತರವನ್ನು ಮಾಮೂಲಿ ಮಾತಿನಲ್ಲಿ ಹೇಳುವಾಗ ಎಷ್ಟು ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಅದೇ ಲೆಕ್ಕದಿಂದಲೇ ನೋಡೋಣ.

ಪರದೆಯ ಮೇಲಿರುವ ಫೋಟೋದಲ್ಲಿ ಲೆಕ್ಕ ಹೀಗಿದೆ. ಒಂದು ಯಂತ್ರ ಪ್ರತಿ ಬಾಟಲಿಗೆ ಸರಾಸರಿ 500 ಮಿ.ಲೀ. ದ್ರವ ತುಂಬಬೇಕು. ಯಾದೃಚ್ಛಿಕವಾಗಿ ಆರಿಸಿದ 10 ಬಾಟಲಿಗಳ ಅಳತೆಯನ್ನು ಎರಡು ಸಾಲುಗಳಲ್ಲಿ ಕೊಟ್ಟಿದ್ದಾರೆ. ಅಳತೆಗಳು ನಾರ್ಮಲ್ ಹಂಚಿಕೆಯನ್ನು ಅನುಸರಿಸುತ್ತವೆ ಎಂದಿಟ್ಟುಕೊಂಡು, ಯಂತ್ರ ಸರಾಸರಿ 500 ಮಿ.ಲೀ.ಗಿಂತ ಕಡಿಮೆ ತುಂಬುತ್ತಿದೆಯೇ ಎಂದು 5% ಮಟ್ಟದಲ್ಲಿ ಪರೀಕ್ಷಿಸಬೇಕು.

```
497.2  499.1  496.8  501.3  498.4
495.9  499.6  497.7  500.2  496.8
```

ಹಲಗೆಯ ಮೇಲೆ ಬರೆದಾಗ ಎಲ್ಲವೂ ಸ್ಪಷ್ಟ. ಫೋಟೋದಲ್ಲಿ ಹಾಗಿಲ್ಲ. ಪುಟದ ಮಡಿಕೆ ಸರಿಯಾಗಿ ನಾಲ್ಕನೆಯ ಸಂಖ್ಯೆಯ ಮೇಲೆ ಹಾದುಹೋಗಿದೆ. ಅದು 501.3 ಇರಬಹುದು, 507.3 ಕೂಡ ಇರಬಹುದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಸಂಖ್ಯೆಗಳಿಗೂ ಮೊದಲು ಓದಬೇಕಾದ್ದು ಪ್ರಶ್ನೆಯ ವಾಕ್ಯವನ್ನು, ಅದರಲ್ಲೂ ಕ್ರಿಯಾಪದವಿರುವ ಕೊನೆಯ ಸಾಲನ್ನು. "ಕಡಿಮೆ ತುಂಬುತ್ತಿದೆಯೇ" ಎಂದು ಕೇಳಿದರೆ ಅದು ಒಂದೇ ಬದಿಯ ಪರೀಕ್ಷೆ. "500ಕ್ಕಿಂತ ಬೇರೆಯಾಗಿದೆಯೇ", "ಹೇಳಿದ ಮಟ್ಟಕ್ಕೆ ಹೊಂದುತ್ತದೆಯೇ" ಎಂದು ಕೇಳಿದರೆ ಎರಡೂ ಬದಿಯದ್ದು. "ಕನಿಷ್ಠ 500 ತುಂಬುತ್ತದೆ ಎಂಬ ತಯಾರಕರ ಮಾತನ್ನು ಪರೀಕ್ಷಿಸಿ" ಎಂದಿದ್ದರೆ ಅಲ್ಲಿ ಬಹಳ ಜನ ಎಡವುತ್ತಾರೆ. ತಯಾರಕರ ಮಾತೇ ಪರ್ಯಾಯ ಪ್ರಾಕ್ಕಲ್ಪನೆ, ಅಂದರೆ ನಾವು ಪುರಾವೆ ಹುಡುಕುವ ಮಾತು, ಎಂದುಕೊಂಡು "ಹೆಚ್ಚು" ಎಂಬ ಬದಿಗೆ ಹೋಗಿಬಿಡುತ್ತಾರೆ. "ಕನಿಷ್ಠ 500" ಎಂಬುದರಲ್ಲಿ ಸಮ ಎಂಬುದೂ ಸೇರಿದೆ. ಸಮದ ಚಿಹ್ನೆ ಯಾವಾಗಲೂ ಶೂನ್ಯ ಪ್ರಾಕ್ಕಲ್ಪನೆಯ, ಅಂದರೆ ತಿರಸ್ಕರಿಸಬಹುದೇ ಎಂದು ನೋಡುವ ಮಾತಿನ, ಕಡೆಗೇ ಇರುತ್ತದೆ. ಹಾಗಾಗಿ ಅಲ್ಲಿಯೂ ಪರ್ಯಾಯ "ಕಡಿಮೆ" ಎಂಬುದೇ. ನಮ್ಮ ಲೆಕ್ಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ H0, ಪರ್ಯಾಯ H1, ಮಟ್ಟ α ಹೀಗಿವೆ:

```
H0: μ = 500
H1: μ < 500
α = 0.05
```

ಈ ಮೂರು ಸಾಲನ್ನು ದತ್ತಾಂಶದ ಕಡೆ ಕಣ್ಣು ಹಾಯಿಸುವ ಮೊದಲೇ ಬರೆದುಬಿಡಬೇಕು ಎಂದು ಹೇಳುವುದಕ್ಕೆ ಕಾರಣವಿದೆ. ಸಂಖ್ಯೆಗಳನ್ನು ನೋಡಿ, ಹೆಚ್ಚಿನವು 500ರ ಕೆಳಗೆ ಇವೆ ಎಂದು ಗೊತ್ತಾದ ಮೇಲೆ "ಕಡಿಮೆ" ಎಂಬ ಬದಿಯನ್ನು ಆರಿಸಿಕೊಂಡರೆ, 5% ಎಂದು ಬರೆದರೂ ನಿಜವಾಗಿ ತಪ್ಪಾಗುವ ಸಂಭವ ಅದರ ಎರಡರಷ್ಟಾಗುತ್ತದೆ. ಸಂಖ್ಯೆಗಳು ಮೇಲಿದ್ದರೆ "ಹೆಚ್ಚು" ಎಂಬುದನ್ನು ಆರಿಸಿಕೊಳ್ಳುತ್ತಿದ್ದಿರಿ ತಾನೆ? ಎರಡೂ ಕಡೆ 5% ಇಟ್ಟಂತಾಯಿತು.

ಇನ್ನೊಂದನ್ನು ಫೋಟೋದಲ್ಲಿ ಹುಡುಕಬೇಕು: ಇಡೀ ಉತ್ಪಾದನೆಯ ಮಾನಕ ವಿಚಲನೆ ಗೊತ್ತಿದೆ ಎಂದು ಎಲ್ಲಾದರೂ ಹೇಳಿದ್ದಾರೆಯೇ? ಫೋಟೋದ ಮೇಲಂಚು ಕತ್ತರಿಸಿಹೋಗಿದ್ದರೆ ಆ ಒಂದು ವಾಕ್ಯವೇ ಕಾಣೆಯಾಗಿರಬಹುದು. ಗೊತ್ತಿದ್ದರೆ ಝಡ್-ಪರೀಕ್ಷೆ, ಗೊತ್ತಿಲ್ಲದೆ ಸ್ಯಾಂಪಲ್‌ನಿಂದಲೇ ಅಂದಾಜು ಮಾಡಬೇಕಾದರೆ ಟಿ-ಪರೀಕ್ಷೆ. ಹತ್ತೇ ಅಳತೆಗಳಿಂದ ಅಂದಾಜು ಮಾಡಿದ ವಿಚಲನೆಯೂ ಅಲುಗಾಡುತ್ತದೆ, ಆ ಅಲುಗಾಟಕ್ಕೂ ಲೆಕ್ಕದಲ್ಲಿ ಜಾಗ ಕೊಡಬೇಕು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಎದುರಿಸಿದ್ದು ಇದೇ ತೊಂದರೆಯನ್ನು. ಅವರು 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಪ್ರಕಟಿಸಿದ ಪ್ರಬಂಧದಿಂದಲೇ ಇವತ್ತಿನ ಟಿ-ಪರೀಕ್ಷೆ ಬಂದಿದೆ. ನಮ್ಮ ಫೋಟೋದಲ್ಲಿ ವಿಚಲನೆಯ ಮಾತೇ ಇಲ್ಲ, ಆದ್ದರಿಂದ ಟಿ.

ಇನ್ನು ಸಂಖ್ಯೆಗಳು. ಬರೆದುಕೊಂಡ ತಕ್ಷಣ ಎಣಿಸಿ. ಪ್ರಶ್ನೆಯಲ್ಲಿ 10 ಎಂದಿದೆ, ನಿಮ್ಮ ಹಾಳೆಯಲ್ಲೂ 10 ಇರಬೇಕು. ಇದೇನು ದೊಡ್ಡ ಮಾತು ಅನ್ನಿಸಬಹುದು. ಆದರೆ ನಮ್ಮ ಪಟ್ಟಿಯಲ್ಲಿ 496.8 ಎರಡು ಸಲ ಬಂದಿದೆ, ಮೊದಲ ಸಾಲಿನಲ್ಲಿ ಮೂರನೆಯದು ಮತ್ತು ಎರಡನೆಯ ಸಾಲಿನ ಕೊನೆಯದು. ನೋಡಿ ನೋಡಿ ಬರೆಯುವವರು ಕೊನೆಯದಕ್ಕೆ ಬಂದಾಗ "ಇದನ್ನು ಆಗಲೇ ಬರೆದೆನಲ್ಲ" ಎಂದು ಬಿಟ್ಟುಬಿಡುವುದು ತೀರಾ ಸಾಮಾನ್ಯ. ಎರಡು ಬಾಟಲಿಗಳ ಅಳತೆ ಒಂದೇ ಆಗಿದ್ದರೆ ಅವು ಎರಡು ಅಳತೆಗಳೇ.

ಫೋನಿನಲ್ಲಿರುವ ಅಕ್ಷರ ಗುರುತಿಸುವ ಸೌಲಭ್ಯದಿಂದ ನಕಲು ಮಾಡಿದರೆ ಬೇರೆ ಬಗೆಯ ತಪ್ಪುಗಳು ಬರುತ್ತವೆ. ದಶಮಾಂಶದ ಚುಕ್ಕೆ ಮಾಯವಾಗಿ 499.1 ಎಂಬುದು 4991 ಆಗುತ್ತದೆ. ಪಕ್ಕಪಕ್ಕದ ಎರಡು ಸಂಖ್ಯೆ ಅಂಟಿಕೊಳ್ಳುತ್ತವೆ. ಋಣ ಚಿಹ್ನೆ ಇರುವ ಲೆಕ್ಕಗಳಲ್ಲಿ ಆ ಸಣ್ಣ ಗೀಟು ಉದುರಿಹೋಗುತ್ತದೆ. ಇವುಗಳಲ್ಲಿ 4991ರಂಥ ತಪ್ಪು ನಿಜಕ್ಕೂ ಪುಣ್ಯದ ತಪ್ಪು, ಕಣ್ಣಿಗೆ ಹೊಡೆಯುತ್ತದೆ. ಅಪಾಯಕಾರಿ ಯಾವುದೆಂದರೆ ನಂಬುವಂತಿರುವ ತಪ್ಪು: 1ರ ಜಾಗದಲ್ಲಿ 7, 3ರ ಜಾಗದಲ್ಲಿ 8, 9ರ ಜಾಗದಲ್ಲಿ 5.

ಸದ್ಯಕ್ಕೆ ನಾಲ್ಕನೆಯದು 501.3 ಎಂದೇ ಇಟ್ಟುಕೊಂಡು ಲೆಕ್ಕ ಮಾಡೋಣ. 497.2, 499.1 ಎಂಬ ದೊಡ್ಡ ಸಂಖ್ಯೆಗಳನ್ನು ವರ್ಗ ಮಾಡುತ್ತ ಕೂರಬೇಕಾಗಿಲ್ಲ. ಎಲ್ಲದರಿಂದ 500 ಕಳೆಯಿರಿ. ವಿಚಲನೆ ಇದರಿಂದ ಬದಲಾಗುವುದಿಲ್ಲ, ಕೆಲಸ ಮಾತ್ರ ಹಗುರಾಗುತ್ತದೆ.

```
-2.8  -0.9  -3.2  +1.3  -1.6
-4.1  -0.4  -2.3  +0.2  -3.2
```

ಇವುಗಳ ಮೊತ್ತ −17.0. ಹತ್ತರಿಂದ ಭಾಗಿಸಿದರೆ −1.7. ಅಂದರೆ ಸ್ಯಾಂಪಲ್‌ನ ಸರಾಸರಿ 498.3 ಮಿ.ಲೀ. ಇವುಗಳ ವರ್ಗಗಳ ಮೊತ್ತ 55.68. ಅದರಿಂದ 10 × 1.7² ಅಂದರೆ 28.90 ಕಳೆದರೆ 26.78 ಉಳಿಯುತ್ತದೆ. ಇದನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ. ಮುಂದಿನದು ಮಾನಕ ದೋಷ, ಅಂದರೆ ಹತ್ತು ಬಾಟಲಿಗಳ ಸರಾಸರಿ ಒಂದು ಸ್ಯಾಂಪಲ್‌ನಿಂದ ಇನ್ನೊಂದಕ್ಕೆ ಎಷ್ಟು ಅಲುಗಾಡಬಹುದು ಎಂಬುದರ ಅಳತೆ. ಕೊನೆಯದು ಟಿ.

```
s  = √(26.78 / 9)     = 1.725
SE = 1.725 / √10      = 0.5455
t  = -1.7 / 0.5455    = -3.12
```

ಭಾಗಿಸಬೇಕಾದ್ದು 9ರಿಂದ, 10ರಿಂದ ಅಲ್ಲ ಎಂಬುದು ಪರೀಕ್ಷೆಯಲ್ಲಿ ಅಂಕ ಕಳೆಯುವ ಹಳೆಯ ಜಾಗ. ಕ್ಯಾಲ್ಕುಲೇಟರಿನಲ್ಲಿ ಎರಡೂ ಗುಂಡಿಗಳಿರುತ್ತವೆ: `sx` ಎಂಬುದು 9ರಿಂದ ಭಾಗಿಸಿದ್ದು, `σx` ಎಂಬುದು 10ರಿಂದ. ಸ್ಪ್ರೆಡ್‌ಶೀಟಿನಲ್ಲಾದರೆ `STDEV.S` ಬೇಕು, `STDEV.P` ಬೇಡ. ತಪ್ಪು ಗುಂಡಿ ಒತ್ತಿದರೆ ಟಿ −3.28 ಅಥವಾ −3.29 ಎಂದು ಬರುತ್ತದೆ. ನಿಮ್ಮ ಉತ್ತರವೂ ಪಕ್ಕದವರ ಉತ್ತರವೂ ಇಷ್ಟೇ ಚೂರು ಬೇರೆಯಾಗಿದ್ದರೆ ಮೊದಲು ಇದನ್ನು ಅನುಮಾನಿಸಿ. ಇನ್ನೊಂದು ಅನುಮಾನ ಪೂರ್ಣಾಂಕ ಮಾಡುವುದರ ಮೇಲೆ ಇರಲಿ. 498.3 ಎಂಬುದನ್ನು "ಸುಮಾರು 498" ಎಂದು ನಡುವೆಯೇ ದುಂಡಗೆ ಮಾಡಿಕೊಂಡವರಿಗೆ ಟಿ −3.67 ಬರುತ್ತದೆ. 498.3ರ ಎದುರು 0.3 ಏನು ಮಹಾ ಅನ್ನಿಸುತ್ತದೆ, ಆದರೆ ಟಿ ಅಳೆಯುವುದು 500ರಿಂದ ಇರುವ ದೂರವನ್ನು; ಆ ದೂರ ಇರುವುದೇ 1.7.

ಟಿ-ಕೋಷ್ಟಕದಲ್ಲಿ ನೋಡಬೇಕಾದ್ದು 9 ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಅಳತೆಗಳ ಸಂಖ್ಯೆಗಿಂತ ಒಂದು ಕಡಿಮೆ, ಇರುವ ಸಾಲು, ಒಂದೇ ಬದಿಯ 0.05ರ ಕಂಬ. ಅಲ್ಲಿ 1.833 ಇದೆ. ನಮ್ಮ ಪರ್ಯಾಯ ಎಡಬದಿಯದ್ದಾದ್ದರಿಂದ ಗಡಿ −1.833. ನಮ್ಮ ಟಿ −3.12 ಅದಕ್ಕಿಂತ ಎಡಕ್ಕೆ ಬಹಳ ದೂರ ಹೋಗಿದೆ. ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುತ್ತೇವೆ. ಕಂಪ್ಯೂಟರಿನಲ್ಲಿ, ಪೈಥಾನ್ ಭಾಷೆಯಲ್ಲಿ, ನೋಡುವುದಾದರೆ ನಾಲ್ಕು ಹೆಜ್ಜೆ ಸಾಕು:

```
from scipy import stats
x = [497.2, 499.1, 496.8, 501.3, 498.4,
     495.9, 499.6, 497.7, 500.2, 496.8]
print(len(x), round(sum(x), 1))
print(stats.ttest_1samp(x, 500, alternative="less"))
```

ಮೂರನೆಯ ಹೆಜ್ಜೆಯಲ್ಲಿ ಎಣಿಕೆ ಮತ್ತು ಮೊತ್ತ ಮುದ್ರಿಸುವುದು ಅಲಂಕಾರಕ್ಕಲ್ಲ. 10 ಮತ್ತು 4983.0 ಬರಬೇಕು. ಕಾಗದದ ಮೇಲೆ ಬೇರೆಯಾಗಿ ಕೂಡಿದ ಮೊತ್ತಕ್ಕೆ ಇದು ತಾಳೆಯಾದರೆ ಟೈಪಿಸುವಾಗ ತಪ್ಪಾಗಿಲ್ಲ ಎಂದು ಹೆಚ್ಚುಕಡಿಮೆ ನಂಬಬಹುದು. `alternative="less"` ಬರೆಯದೆ ಬಿಟ್ಟರೆ ಅದು ತಾನಾಗಿಯೇ ಎರಡೂ ಬದಿಯ ಪರೀಕ್ಷೆ ಮಾಡಿ ಪಿ-ಮೌಲ್ಯವನ್ನು, ಅಂದರೆ ಸರಾಸರಿ ನಿಜಕ್ಕೂ 500 ಆಗಿದ್ದರೆ ಇಷ್ಟು ಅಥವಾ ಇನ್ನೂ ದೂರದ ಟಿ ಬರುವ ಸಂಭವವನ್ನು, ಎರಡರಷ್ಟು ಕೊಡುತ್ತದೆ. ಸ್ಪ್ರೆಡ್‌ಶೀಟಿನವರಿಗೆ `=T.DIST(-3.1165, 9, TRUE)` ಎಂದು ಕೊಟ್ಟರೆ ಎಡಬದಿಯ ಪಿ-ಮೌಲ್ಯ ಸಿಗುತ್ತದೆ. ಯಾವುದರಲ್ಲಿ ಮಾಡಿದರೂ ಸುಮಾರು 0.006.

ಇಲ್ಲಿಗೆ ಪುಸ್ತಕದ ಉತ್ತರ ಮುಗಿಯಿತು. ಈಗ ಮಡಿಕೆಯ ಮೇಲಿನ ಆ ಅಂಕೆಗೆ ಬರೋಣ.

ಅದನ್ನು 507.3 ಎಂದು ಓದಿದವರಿಗೆ ಏನಾಗುತ್ತದೆ? ವ್ಯತ್ಯಾಸ +1.3ರ ಬದಲು +7.3 ಆಗುತ್ತದೆ. ಮೊತ್ತ −11.0, ಸರಾಸರಿ 498.9. ಇಷ್ಟು ನೋಡಿದರೆ ಸರಾಸರಿ 0.6 ಮಾತ್ರ ಮೇಲೇರಿದೆ, ಅಂಥ ಅನಾಹುತವೇನೂ ಕಾಣುವುದಿಲ್ಲ. ಆದರೆ ವಿಚಲನೆ 1.725ರಿಂದ 3.252ಕ್ಕೆ ಜಿಗಿಯುತ್ತದೆ, ಮಾನಕ ದೋಷ 1.028 ಆಗುತ್ತದೆ, ಟಿ −1.07ಕ್ಕೆ ಕುಸಿಯುತ್ತದೆ. ಗಡಿ −1.833. ಪಿ-ಮೌಲ್ಯ ಸುಮಾರು 0.16. ತಿರಸ್ಕರಿಸಲು ಆಗುವುದಿಲ್ಲ. ಒಂದು ಅಂಕೆಯ ತಲೆಯ ಮೇಲೆ ಒಂದು ಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ತೀರ್ಮಾನ ತಿರುಗಿಬಿಟ್ಟಿತು.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ನಾಲ್ಕನೆಯದನ್ನು ಸರಿಯಾಗಿ 501.3 ಎಂದೇ ಓದಿ, ಆರನೆಯದಾದ 495.9ರಲ್ಲಿ ನಡುವಿನ 9ನ್ನು 5 ಎಂದು ಓದಿ 455.9 ಎಂದು ಬರೆದುಕೊಂಡೆವು ಎನ್ನಿ. ಈ ತಪ್ಪು ಬಾಟಲಿಯನ್ನು ಇನ್ನಷ್ಟು ಖಾಲಿ ಮಾಡುತ್ತದೆ. ಸರಾಸರಿ 498.3ರಿಂದ 494.3ಕ್ಕೆ ಇಳಿಯುತ್ತದೆ. "ಯಂತ್ರ ಕಡಿಮೆ ತುಂಬುತ್ತಿದೆ" ಎಂಬ ವಾದಕ್ಕೆ ಇದರಿಂದ ಬಲ ಬರಬೇಕಿತ್ತಲ್ಲವೇ? ಲೆಕ್ಕ ಮಾಡಿ ನೋಡಿ: ವಿಚಲನೆ 13.58, ಟಿ −1.33. ಕೊರತೆ ಮೂರು ಪಟ್ಟಿಗೂ ಮೀರಿ ಬೆಳೆದಿದೆ, ಪುರಾವೆ ಮಾತ್ರ ಕರಗಿಹೋಗಿದೆ.

ಕಾರಣ ಸೂತ್ರದೊಳಗೇ ಇದೆ. ಒಂದು ಸಂಖ್ಯೆ ದೂರ ಓಡಿದಾಗ ಅದು ಮೇಲಿನ ಅಂಶವನ್ನೂ ಹಿಗ್ಗಿಸುತ್ತದೆ, ಕೆಳಗಿನ ಛೇದವನ್ನೂ ಹಿಗ್ಗಿಸುತ್ತದೆ. ಆ ಒಂದು ಸಂಖ್ಯೆಯನ್ನು ಇನ್ನೂ ದೂರ, ಮತ್ತಷ್ಟು ದೂರ ಎಳೆಯುತ್ತ ಹೋದರೆ ಎರಡೂ ಒಂದೇ ಅಳತೆಯಲ್ಲಿ ಬೆಳೆದು ಟಿ ಮೆಲ್ಲಗೆ 1ರ ಅಥವಾ −1ರ ಹತ್ತಿರ ಬಂದು ಕೂರುತ್ತದೆ. ಸ್ಯಾಂಪಲ್‌ನಲ್ಲಿ ಎಷ್ಟೇ ಅಳತೆಗಳಿರಲಿ, ಇದು ಹೀಗೇ. ಇದರಿಂದ ಒಂದು ಉಪಯುಕ್ತ ಗುರುತು ಸಿಗುತ್ತದೆ: ಸರಾಸರಿ ಗುರಿಯಿಂದ ಎದ್ದು ಕಾಣುವಷ್ಟು ದೂರವಿದೆ, ಆದರೂ ಟಿ ಒಂದರ ಆಸುಪಾಸಿನಲ್ಲೇ ಇದೆ, ವಿಚಲನೆ ಅನಿರೀಕ್ಷಿತವಾಗಿ ದೊಡ್ಡದಿದೆ ಎಂದಾದರೆ ಸೂತ್ರವನ್ನು ಮತ್ತೆ ಪರಿಶೀಲಿಸುವ ಮೊದಲು ಫೋಟೋವನ್ನು ಮತ್ತೆ ತೆರೆಯಿರಿ. ಯಾವುದೋ ಒಂದು ಸಂಖ್ಯೆ ತಪ್ಪಾಗಿ ಬಂದಿರುವ ಸಾಧ್ಯತೆ ಹೆಚ್ಚು.

ಹೋಲಿಕೆಗಾಗಿ ಆಗಿನ ಬಿಟ್ಟುಹೋದ 496.8ರ ತಪ್ಪನ್ನೂ ಹೇಳಿಬಿಡುತ್ತೇನೆ. ಒಂಬತ್ತೇ ಸಂಖ್ಯೆಗಳಿಂದ ಮಾಡಿದರೆ ಟಿ −2.64, ಗಡಿ −1.860. ಉತ್ತರ ತಪ್ಪು, ತೀರ್ಮಾನ ಅದೇ. ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ.

ಹಾಗಾದರೆ 1 ಮತ್ತು 7ರ ನಡುವೆ ತೀರ್ಮಾನಿಸುವುದು ಹೇಗೆ? ಉತ್ತರ ಅದೇ ಫೋಟೋದಲ್ಲಿದೆ. 497.2ರಲ್ಲಿ ಒಂದು 7 ಇದೆ, 499.1ರಲ್ಲಿ ಒಂದು 1 ಇದೆ. ಎರಡೂ ಅದೇ ಪುಟದ ಅದೇ ಅಚ್ಚಿನವು. ಫೋಟೋ ದೊಡ್ಡದು ಮಾಡಿ, ಸಂಶಯದ ಅಂಕೆಯನ್ನು ಈ ಎರಡರ ಪಕ್ಕದಲ್ಲಿ ಇಟ್ಟು ನೋಡಿ. 7ರ ಮೇಲ್ಗೆರೆ ಎಡಕ್ಕೆ ಎಷ್ಟು ಚಾಚಿದೆ, 1ಕ್ಕೆ ಕೆಳಗೆ ಪೀಠವಿದೆಯೇ, ಕಾಲು ನೇರವೋ ಓರೆಯೋ ಎಂಬುದರಿಂದ ಬಹುಪಾಲು ಗೊತ್ತಾಗಿಬಿಡುತ್ತದೆ. ಕೈಬರಹದ ಲೆಕ್ಕವಾದರೂ ಇದೇ ದಾರಿ, ಒಬ್ಬರ ಕೈಯ 7 ಪುಟದುದ್ದಕ್ಕೂ ಹೆಚ್ಚು ಬದಲಾಗುವುದಿಲ್ಲ. ಬೆಳಕು ಹೆಚ್ಚು ಕಡಿಮೆ ಮಾಡಿ ನೋಡುವುದಕ್ಕಿಂತ ಈ ಹೋಲಿಕೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಎರಡು ಅಡ್ಡದಾರಿಗಳಿವೆ, ಎರಡೂ ಆಕರ್ಷಕ, ಎರಡೂ ತಪ್ಪು. ಮೊದಲನೆಯದು, "ಉಳಿದವೆಲ್ಲ 496ರಿಂದ 500ರ ಸುತ್ತ ಇವೆ, 507.3 ತೀರಾ ದೂರವಾಯಿತು, ಆದ್ದರಿಂದ 501.3 ಇರಲೇಬೇಕು" ಎಂಬ ವಾದ. ಉಳಿದ ಒಂಬತ್ತರಿಂದ 507.3 ನಿಜಕ್ಕೂ ಬಹಳ ದೂರ, ಅವುಗಳ ವಿಚಲನೆಯ ಆರು ಪಟ್ಟಿಗಿಂತ ಹೆಚ್ಚು. ಫೋಟೋವನ್ನು ಮತ್ತೆ ನೋಡಲು ಇದು ಒಳ್ಳೆಯ ಕಾರಣ. ಅಂಕೆಯನ್ನು ಬದಲಿಸಲು ಇದು ಕಾರಣವಲ್ಲ. ನಿಜವಾದ ದತ್ತಾಂಶದಲ್ಲಿ ಅಂಥ ಬಾಟಲಿ ಇರಬಹುದು, ಲೆಕ್ಕ ಬರೆದವರು ಬೇಕೆಂದೇ ಇಟ್ಟಿರಲೂಬಹುದು. ಎರಡನೆಯದು ಇನ್ನೂ ಕೆಟ್ಟದು: "ಓದಲಾಗದ ಸಂಖ್ಯೆಯನ್ನು ಬಿಟ್ಟೇಬಿಡೋಣ". ಅದನ್ನು ಬಿಟ್ಟು ಒಂಬತ್ತರಿಂದ ಲೆಕ್ಕ ಮಾಡಿದರೆ ಟಿ −4.21 ಬರುತ್ತದೆ, ಎಲ್ಲಕ್ಕಿಂತ ಜೋರಾದ ಪುರಾವೆ! ಬಿಟ್ಟ ಸಂಖ್ಯೆ 501.3 ಇರಲಿ 507.3 ಇರಲಿ, ಎರಡೂ 500ರ ಮೇಲಿನವು. "ಕಡಿಮೆ" ಎಂಬ ವಾದಕ್ಕೆ ವಿರುದ್ಧ ಸಾಕ್ಷಿ ಹೇಳುವವರನ್ನು ನ್ಯಾಯಾಲಯದಿಂದ ಹೊರಗೆ ಕಳಿಸಿದಂತಾಯಿತು ಅದು.

ಹೋಲಿಸಿಯೂ ಗೊತ್ತಾಗದಿದ್ದರೆ ಎರಡೂ ಓದಿನಿಂದ ಲೆಕ್ಕ ಮಾಡಿ. ಎರಡರಲ್ಲೂ ತೀರ್ಮಾನ ಒಂದೇ ಆದರೆ ಹಾಗೆಂದು ಬರೆದು ಮುಂದೆ ಹೋಗಬಹುದು. ನಮ್ಮ ಲೆಕ್ಕದಲ್ಲಿ ತೀರ್ಮಾನ ಬೇರೆಬೇರೆ. ಆಗ ಇನ್ನೊಂದು ಫೋಟೋ ಕೇಳುವುದೊಂದೇ ದಾರಿ.

ಫೋಟೋದ ಕೆಳಗಿನ ಸಾಲೂ ಇಷ್ಟೇ ಕಾಡಬಹುದು. ಅಲ್ಲಿರುವುದು 5% ಎಂದು ನಾವು ಓದಿದ್ದೇವೆ. 1% ಆಗಿದ್ದರೆ? ಒಂದೇ ಬದಿಯ 1%ರ ಗಡಿ −2.821, ನಮ್ಮ −3.12 ಅದನ್ನೂ ದಾಟುತ್ತದೆ. ಆದರೆ ಪ್ರಶ್ನೆಯಲ್ಲಿ "ಕಡಿಮೆಯೇ" ಎಂಬುದರ ಬದಲು "ಬೇರೆಯೇ" ಎಂದಿದ್ದು, ಮಟ್ಟವೂ 1% ಆಗಿದ್ದರೆ ಗಡಿ 3.250. ನಮ್ಮ 3.12 ಅದರ ಒಳಗೇ ಉಳಿಯುತ್ತದೆ, ತಿರಸ್ಕರಿಸಲು ಬರುವುದಿಲ್ಲ. ಅದೇ ಬಾಟಲಿಗಳು, ಅದೇ ಅಳತೆ. ಬದಲಾದದ್ದು ಒಂದು ಪದ, ಒಂದು ಅಂಕೆ. ಉತ್ತರದಲ್ಲಿ ಬರೀ "ತಿರಸ್ಕರಿಸಲಾಗಿದೆ" ಎಂದು ಬರೆಯದೆ ಟಿ, ಡಿಗ್ರೀಸ್ ಆಫ್ ಫ್ರೀಡಂ, ಪಿ-ಮೌಲ್ಯ ಮೂರನ್ನೂ ಬರೆಯಬೇಕು ಎನ್ನುವುದು ಇದಕ್ಕೇ. ಓದುವವರು ಬೇರೆ ಮಟ್ಟ ಇಟ್ಟುಕೊಂಡಿದ್ದರೂ ತಾವೇ ತೀರ್ಮಾನಿಸಿಕೊಳ್ಳಬಹುದು.

ಇನ್ನು ಮಾತು. 501.3 ಎಂದೇ ಖಚಿತವಾಯಿತು ಎಂದುಕೊಳ್ಳೋಣ. ಪಿ-ಮೌಲ್ಯ 0.006. ಸಂಖ್ಯಾಶಾಸ್ತ್ರ ಓದದವರು ಎದುರಿಗೆ ಕೂತು "ಹಾಗಂದರೇನು?" ಎಂದು ಕೇಳಿದರೆ ಏನು ಹೇಳುತ್ತೀರಿ?

ಹೆಚ್ಚಿನವರ ಬಾಯಿಗೆ ಮೊದಲು ಬರುವ ವಾಕ್ಯ: "ಯಂತ್ರ ಸರಿಯಾಗಿರುವ ಸಂಭವ 0.6% ಮಾತ್ರ." ಇದು ತಪ್ಪು. ಅದರ ಜೋಡಿ ವಾಕ್ಯವಾದ "ಯಂತ್ರ ಕಡಿಮೆ ತುಂಬುತ್ತಿದೆ ಎಂಬುದು 99.4% ಖಚಿತ" ಎಂಬುದೂ ತಪ್ಪು. ಪಿ-ಮೌಲ್ಯವನ್ನು ಲೆಕ್ಕ ಮಾಡುವಾಗಲೇ ನಾವು ಯಂತ್ರ ಸರಿಯಿದೆ ಎಂದು ಒಪ್ಪಿಕೊಂಡು ಹೊರಟಿದ್ದೇವೆ. ಒಪ್ಪಿಕೊಂಡು ಹೊರಟದ್ದರ ಸಂಭವವನ್ನು ಅದೇ ಲೆಕ್ಕದಿಂದ ಹೊರತೆಗೆಯಲು ಬರುವುದಿಲ್ಲ. ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ-ಮೌಲ್ಯದ ಬಗ್ಗೆ ಕೊಟ್ಟ ಹೇಳಿಕೆಯಲ್ಲಿ ಈ ತಪ್ಪು ಅರ್ಥವನ್ನು ಸ್ಪಷ್ಟವಾಗಿ ಹೆಸರಿಸಿ ಬೇಡ ಎಂದಿತು. ಆದರೂ ಅದು ಸಾಯುವ ಲಕ್ಷಣ ಕಾಣುತ್ತಿಲ್ಲ, ಯಾಕೆಂದರೆ ಜನ ಕೇಳಲು ಬಯಸುವ ವಾಕ್ಯ ಅದೇ.

ಸರಿಯಾದ ಅರ್ಥವನ್ನು ಹೀಗೆ ಹೇಳಬಹುದು: ಯಂತ್ರ ನಿಜಕ್ಕೂ ಸರಾಸರಿ 500 ತುಂಬುತ್ತಿದ್ದು, ಇಂಥ ಹತ್ತು ಬಾಟಲಿಗಳ ಸ್ಯಾಂಪಲ್ಲನ್ನು ಮತ್ತೆ ಮತ್ತೆ, ಸಾವಿರ ಸಲ ತೆಗೆದರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಕೊರತೆಯ ಟಿ ಕಾಣುವುದು ಸುಮಾರು ಆರು ಸಲ. ನಮಗೆ ಸಿಕ್ಕಿದ್ದು ಅಂಥ ಒಂದು ಸ್ಯಾಂಪಲ್. ಅದು ಆ ಆರರಲ್ಲೊಂದು ಎಂದು ನಂಬುವುದಕ್ಕಿಂತ, 500 ಎಂಬ ಮಾತನ್ನೇ ಅನುಮಾನಿಸುವುದು ಲೇಸು.

ಇಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: "ಹತ್ತರಲ್ಲಿ ಎರಡು ಬಾಟಲಿ 500ಕ್ಕಿಂತ ಹೆಚ್ಚೇ ಇವೆಯಲ್ಲ, ಹಾಗಿದ್ದೂ ಕಡಿಮೆ ತುಂಬುತ್ತಿದೆ ಎನ್ನುವುದು ಹೇಗೆ?" ಒಳ್ಳೆಯ ಪ್ರಶ್ನೆ. ಪರೀಕ್ಷೆ ಮಾತಾಡುವುದು ಯಂತ್ರದ ಸರಾಸರಿಯ ಬಗ್ಗೆ, ಒಂದೊಂದು ಬಾಟಲಿಯ ಬಗ್ಗೆ ಅಲ್ಲ. "ಪ್ರತಿ ಬಾಟಲಿಯಲ್ಲೂ ಕಡಿಮೆ ಇದೆ" ಎಂದು ಬರೆದರೆ 501.3 ಮತ್ತು 500.2 ತಾವಾಗಿಯೇ ಎದ್ದು ನಿಂತು ಅಲ್ಲಗಳೆಯುತ್ತವೆ. ಹಾಗಾಗಿ ಬಿಡಿಸಿ ಹೇಳುವ ವಾಕ್ಯದಲ್ಲಿ "ಸರಾಸರಿ" ಎಂಬ ಪದ ಇರಲೇಬೇಕು, ಅದನ್ನು ನುಣುಪಿಗಾಗಿ ತೆಗೆದುಹಾಕಬಾರದು.

ಮುಂದಿನ ತೊಡಕು "ಗಮನಾರ್ಹ" ಎಂಬ ಪದದ್ದು. ಫಲಿತಾಂಶ ಸಂಖ್ಯಾಶಾಸ್ತ್ರದ ಅರ್ಥದಲ್ಲಿ ಗಮನಾರ್ಹ ಎಂದರೆ ಕೇಳುವವರು ಕೊರತೆ ದೊಡ್ಡದು ಎಂದುಕೊಳ್ಳುತ್ತಾರೆ. ಕೊರತೆ ಇರುವುದು 1.7 ಮಿ.ಲೀ., ಅಂದರೆ 500ರ 0.34%. ಅದು ದೊಡ್ಡದೋ ಚಿಕ್ಕದೋ ಎಂಬುದನ್ನು ಟಿ ಹೇಳುವುದಿಲ್ಲ, ಬಾಟಲಿಯಲ್ಲಿ ಏನಿದೆ ಎಂಬುದು ಹೇಳುತ್ತದೆ. ಕುಡಿಯುವ ನೀರಾದರೆ ಒಂದು ಮಾತು, ಅಳತೆ ತಪ್ಪಬಾರದ ಔಷಧವಾದರೆ ಇನ್ನೊಂದು. ಆದ್ದರಿಂದ ಪಿ-ಮೌಲ್ಯದ ಜೊತೆಗೆ ಕೊರತೆಯ ಅಂದಾಜನ್ನೂ ಅದರ ವ್ಯಾಪ್ತಿಯನ್ನೂ ಕೊಡಬೇಕು. 95% ವಿಶ್ವಾಸದ ವ್ಯಾಪ್ತಿಗೆ ಎರಡೂ ಬದಿಯ 2.262 ಬಳಸುತ್ತೇವೆ:

```
498.3 ± 2.262 × 0.5455  →  497.07 … 499.53
```

ಅಂದರೆ ಸರಾಸರಿ ಕೊರತೆ ಸುಮಾರು ಅರ್ಧ ಮಿ.ಲೀ.ನಿಂದ ಮೂರು ಮಿ.ಲೀ.ಗೆ ಸ್ವಲ್ಪ ಕಡಿಮೆ, ಈ ನಡುವೆ ಎಲ್ಲಿಯಾದರೂ ಇರಬಹುದು. ಒಂದೇ ಬದಿಯ ಪರೀಕ್ಷೆಯ ಪಕ್ಕದಲ್ಲಿ ಎರಡೂ ಬದಿಯ ವ್ಯಾಪ್ತಿ ಇಡುವುದು ಪೂರ್ತಿ ಜೋಡಿಯಲ್ಲ, ಅದು ನಿಜ. ಆದರೆ ಓದುವವರಿಗೆ "ಇಷ್ಟರಿಂದ ಇಷ್ಟರವರೆಗೆ" ಎಂಬುದು ಅರ್ಥವಾಗುವಷ್ಟು ಸುಲಭವಾಗಿ ಬೇರೇನೂ ಅರ್ಥವಾಗುವುದಿಲ್ಲ, ಹಾಗಾಗಿ ಈ ಹೊಂದಾಣಿಕೆ ಒಪ್ಪತಕ್ಕದ್ದು ಎಂದೇ ನನ್ನ ಅಭಿಪ್ರಾಯ.

ಈಗ 507.3 ಎಂಬುದೇ ನಿಜವಾಗಿತ್ತು ಎಂದುಕೊಳ್ಳಿ. ತಿರಸ್ಕರಿಸಲಾಗಲಿಲ್ಲ. "ಯಂತ್ರ ಸರಿಯಾಗಿ 500 ತುಂಬುತ್ತಿದೆ ಎಂದು ಸಾಬೀತಾಯಿತು" ಎಂದು ಬರೆಯಬಹುದೇ? ಆಗಲೂ ವ್ಯಾಪ್ತಿಯನ್ನೇ ಕೇಳಿ. 498.9ರ ಎರಡೂ ಕಡೆ 2.33 ಸೇರಿಸಿದರೆ 496.57ರಿಂದ 501.23. ಅದರೊಳಗೆ 500 ಇದೆ, ನಿಜ. 497 ಕೂಡ ಇದೆ. ಮೂರು ಮಿ.ಲೀ. ಕೊರತೆಯನ್ನೂ ತಳ್ಳಿಹಾಕಲಾಗದ ದತ್ತಾಂಶದಿಂದ ಯಂತ್ರ ಸರಿಯಿದೆ ಎಂಬ ಪ್ರಮಾಣಪತ್ರ ಕೊಡುವುದು ಹೇಗೆ? ಹೇಳಬಹುದಾದದ್ದು ಇಷ್ಟೇ: ಕಡಿಮೆ ತುಂಬುತ್ತಿದೆ ಎನ್ನಲು ಈ ಹತ್ತು ಬಾಟಲಿಗಳಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸಬೇಕು. ಹತ್ತರಲ್ಲಿ ಒಂದು ಬಾಟಲಿ ಉಳಿದವುಗಳಿಂದ ಅಷ್ಟು ದೂರವಿದ್ದರೆ ನಾರ್ಮಲ್ ಹಂಚಿಕೆ ಎಂದು ಇಟ್ಟುಕೊಂಡದ್ದೇ ಅಲುಗುತ್ತದೆ. ಹತ್ತು ಸಂಖ್ಯೆಗಳನ್ನು ಒಂದು ಗೆರೆಯ ಮೇಲೆ ಚುಕ್ಕೆಗಳಾಗಿ ಇಟ್ಟು ನೋಡಿದರೆ ಸಾಕು, ಒಂಬತ್ತು ಒಂದು ಗುಂಪಾಗಿ, ಒಂದು ಬೇರೆಯಾಗಿ ನಿಂತದ್ದು ಕಾಣುತ್ತದೆ. ಪ್ರಶ್ನೆಯಲ್ಲಿ "ನಾರ್ಮಲ್ ಎಂದು ಭಾವಿಸಿ" ಎಂದಿರುವುದರಿಂದ ಲೆಕ್ಕ ಮುಂದುವರಿಯುತ್ತದೆ, ಆದರೆ ಅದನ್ನು ಗಮನಿಸಿದ್ದೀರಿ ಎಂಬುದು ಉತ್ತರದಲ್ಲಿ ಕಾಣಲಿ.

"ಯಾದೃಚ್ಛಿಕವಾಗಿ ಆರಿಸಿದ" ಎಂಬ ಪದವನ್ನೂ ಫೋಟೋದಲ್ಲಿ ಬೆರಳಿಟ್ಟು ಹುಡುಕಿ. ಒಂದರ ಹಿಂದೆ ಒಂದಾಗಿ ಬಂದ ಹತ್ತು ಬಾಟಲಿಗಳಾಗಿದ್ದರೆ, ಯಂತ್ರ ಆ ಹತ್ತು ನಿಮಿಷ ಸ್ವಲ್ಪ ಜಾರಿತ್ತು ಎಂಬುದಷ್ಟೇ ನಮಗೆ ಗೊತ್ತಾಗಿರಬಹುದು. ಪಕ್ಕಪಕ್ಕದ ಅಳತೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾನಕ ದೋಷ ಇರಬೇಕಾದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಟಿ ಉಬ್ಬುತ್ತದೆ. ಇದನ್ನು ಯಾವ ಸೂತ್ರವೂ ತಾನಾಗಿ ಹಿಡಿಯುವುದಿಲ್ಲ.

ನಮ್ಮ ಲೆಕ್ಕಕ್ಕೆ ಉತ್ತರಪತ್ರಿಕೆಯಲ್ಲಿ ಬರೆಯಬಹುದಾದ ಕೊನೆಯ ಭಾಗ ಹೀಗಿರುತ್ತದೆ: "ಹತ್ತು ಬಾಟಲಿಗಳ ಸರಾಸರಿ 498.3 ಮಿ.ಲೀ., ಟಿ −3.12, ಡಿಗ್ರೀಸ್ ಆಫ್ ಫ್ರೀಡಂ 9, ಒಂದೇ ಬದಿಯ ಪಿ-ಮೌಲ್ಯ ಸುಮಾರು 0.006. 5% ಮಟ್ಟದಲ್ಲಿ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುತ್ತೇವೆ. ಯಂತ್ರ ಸರಾಸರಿ 500 ಮಿ.ಲೀ.ಗಿಂತ ಕಡಿಮೆ ತುಂಬುತ್ತಿದೆ ಎನ್ನಲು ಈ ದತ್ತಾಂಶದಲ್ಲಿ ಬಲವಾದ ಪುರಾವೆ ಇದೆ. ಸರಾಸರಿ ಕೊರತೆಯ ಅಂದಾಜು 1.7 ಮಿ.ಲೀ., 95% ವ್ಯಾಪ್ತಿ ಸುಮಾರು 0.5ರಿಂದ 2.9." ಇದರ ಕೆಳಗೆ, ಫೋಟೋದಿಂದ ಬಿಡಿಸಿದ ಲೆಕ್ಕವಾದ್ದರಿಂದ, ಇನ್ನೊಂದು ಸಾಲು: "ನಾಲ್ಕನೆಯ ಅಳತೆಯನ್ನು 501.3 ಎಂದು ಓದಲಾಗಿದೆ, 507.3 ಆಗಿದ್ದರೆ ಟಿ −1.07 ಆಗಿ ತೀರ್ಮಾನ ಬದಲಾಗುತ್ತದೆ."